ಸೊಸೈಟಿ ಸಾಲ, ಮೂರು ರೂಪಾಯಿ ಬಡ್ಡಿ ಸಾಲ: ಎರಡನ್ನೂ ತೀರಿಸಿದವನ ಲೆಕ್ಕ

ನಮ್ಮದು ಹಾವೇರಿ ಕಡೆ, ನಾಲ್ಕು ಎಕರೆ ಜಮೀನು. ಮೂರು ಎಕರೆ ಗೋವಿನಜೋಳ, ಒಂದು ಎಕರೆಗೆ ಮುಂಗಾರಿನಲ್ಲಿ ಹೆಸರು, ಹಿಂಗಾರಿಗೆ ಕಡಲೆ. ನಾನು ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯ ಸಾಲವನ್ನೂ ಮಾಡಿದ್ದೇನೆ, ಊರಿನ ಸಹಕಾರಿ ಸೊಸೈಟಿಯ ಬೆಳೆಸಾಲವನ್ನೂ ಮಾಡಿದ್ದೇನೆ. ಎರಡರಲ್ಲೂ ಬಾಯಲ್ಲಿ ಹೇಳುವ ಬಡ್ಡಿ ಬೇರೆ, ಕೈಯಿಂದ ನಿಜವಾಗಿ ಹೋಗುವ ದುಡ್ಡು ಬೇರೆ. ಆ ವ್ಯತ್ಯಾಸವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡ ವರ್ಷ ಪಹಣಿ ಇನ್ನೂ ಅವರ ಹೆಸರಲ್ಲೇ ಇತ್ತು. ಪೌತಿ ಖಾತೆ ಆಗದೆ ಸೊಸೈಟಿಯಲ್ಲಿ ನನಗೆ ಸಾಲ ಸಿಗುವಂತಿರಲಿಲ್ಲ. ಮಳೆ ಶುರುವಾಗಿತ್ತು, ಬೀಜ ಗೊಬ್ಬರ ಬೇಕಿತ್ತು. ಹಾಗಾಗಿ ಅಡತಿ ಅಂಗಡಿಯಲ್ಲಿ 60,000 ಕೇಳಿದೆ. "ತಮ್ಮಾ, ಮೂರು ರೂಪಾಯಿ ಬಡ್ಡಿ. ಮಾಲು ನಮ್ಮ ಅಂಗಡಿಗೇ ತರಬೇಕು, ಅಷ್ಟ" ಅಂದರು. ಮೂರು ರೂಪಾಯಿ ಅಂದರೆ ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. ಮೊದಲ ತಿಂಗಳ ಬಡ್ಡಿ ಅಲ್ಲೇ ಮುರಿದುಕೊಂಡು ಕೈಗೆ 58,200 ಕೊಟ್ಟರು. ಜೂನ್‌ನಿಂದ ಸುಗ್ಗಿಯವರೆಗೆ ಆರು ತಿಂಗಳು ಹಿಡಿದು ಬಡ್ಡಿ 10,800 ಆಯಿತು. ಕೊನೆಯ ತಿಂಗಳು ಪೂರ್ತಿ ತುಂಬಿರಲಿಲ್ಲ, ಆದರೂ ಪೂರ್ತಿ ತಿಂಗಳ ಬಡ್ಡಿಯೇ ಹಿಡಿದರು. ಈ ವ್ಯವಹಾರದಲ್ಲಿ ಅದೇ ರೂಢಿ.

ಇಲ್ಲಿಯವರೆಗಿನ ಲೆಕ್ಕ ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಾಗದೆ ಹೋಗುವುದು "ಮಾಲು ನಮ್ಮ ಅಂಗಡಿಗೇ" ಅನ್ನುವ ಮಾತಿನ ಬೆಲೆ. ನನ್ನ ಗೋವಿನಜೋಳ 60 ಕ್ವಿಂಟಲ್ ಬಂತು. ಕಣದಲ್ಲಿ ತಾಡಪಾಲಿನ ಮೇಲೆ ಹರವಿ, ದಿನಕ್ಕೆ ಎರಡು ಸಲ ಕೈಯಾಡಿಸಿ ಚೆನ್ನಾಗಿಯೇ ಒಣಗಿಸಿದ್ದೆ. ಆದರೆ ನನ್ನ ಮಾಲು, ವ್ಯಾಪಾರಿಗಳು ಪೈಪೋಟಿಯಲ್ಲಿ ದರ ಬರೆಯುವ ಮಾರುಕಟ್ಟೆಯ ಟೆಂಡರಿಗೆ ಹೋಗಲೇ ಇಲ್ಲ. ಅಂಗಡಿಯವರು ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಳು ಬಾಯಿಗೆ ಹಾಕಿ ಕಚ್ಚಿ ನೋಡಿ, ಹಸಿ ಐತಿ ಅಂತ ಹೇಳಿ ಅವರೇ ದರ ಕಟ್ಟಿದರು. ಪಕ್ಕದ ಹೊಲದವರು ನನ್ನಂಥದೇ ಮಾಲನ್ನು ಅದೇ ದಿನ ಟೆಂಡರಿಗೆ ಹಾಕಿದ್ದರು, ಅವರಿಗೆ ಕ್ವಿಂಟಲ್‌ಗೆ 80 ರೂಪಾಯಿ ಜಾಸ್ತಿ ಸಿಕ್ಕಿತು. ಅಲ್ಲಿಗೆ 60 ಕ್ವಿಂಟಲ್‌ಗೆ 4,800 ಹೋಯಿತು. ಇದರ ಮೇಲೆ ಚೀಲಕ್ಕೆ ಒಂದು ಕೆಜಿ ತೂಕದಲ್ಲಿ ಕಡಿತ. ನೂರು ಚೀಲಕ್ಕೆ ಒಂದು ಕ್ವಿಂಟಲ್ ಆಯಿತು, ಅಂದರೆ ಆಗಿನ ದರದಲ್ಲಿ 1,900.

ಎಲ್ಲ ಕೂಡಿಸಿದರೆ 17,500. ಅರವತ್ತು ಸಾವಿರಕ್ಕೆ, ಅದೂ ಆರೇ ತಿಂಗಳಿಗೆ! ವರ್ಷದ ಲೆಕ್ಕಕ್ಕೆ ತಂದರೆ ನೂರಕ್ಕೆ 58 ಆಗುತ್ತದೆ, ಬಾಯಲ್ಲಿ ಹೇಳಿದ್ದು 36. ಲೈಸೆನ್ಸ್ ಇರುವ ಲೇವಾದೇವಿಯವರು ನಮ್ಮ ರಾಜ್ಯದಲ್ಲಿ ಆಧಾರ ಇಟ್ಟ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 14, ಆಧಾರ ಇಲ್ಲದ ಸಾಲಕ್ಕೆ 16ಕ್ಕಿಂತ ಜಾಸ್ತಿ ಬಡ್ಡಿ ಹಾಕುವಂತಿಲ್ಲ. ಊರಲ್ಲಿ ಆ ದರಕ್ಕೆ ಯಾರೂ ಕೊಡುವುದಿಲ್ಲ, ಅದು ಬೇರೆ ಮಾತು.

ಮರುವರ್ಷ ಪೌತಿ ಖಾತೆ ಆಯಿತು. ಪಹಣಿ ನನ್ನ ಹೆಸರಿಗೆ ಬಂದ ಮೇಲೆ ರೈತರ ನೋಂದಣಿಯ ಸರಕಾರಿ ತಂತ್ರಾಂಶ ಫ್ರೂಟ್ಸ್‌ನಲ್ಲಿ ಹೆಸರು ನೋಂದಾಯಿಸಿ ರೈತರ ಗುರುತಿನ ಸಂಖ್ಯೆ ಎಫ್‌ಐಡಿ ಮಾಡಿಸಿದೆ, ಬೇರೆ ಬ್ಯಾಂಕಿನಲ್ಲಿ ಬಾಕಿ ಇಲ್ಲ ಅನ್ನುವ ಪತ್ರ ತಂದೆ, ಸೊಸೈಟಿಯಲ್ಲಿ ಷೇರುದಾರನಾದೆ. ಸಾಲ ಎಷ್ಟು ಅಂತ ಕಾರ್ಯದರ್ಶಿ ಮನಸ್ಸಿಗೆ ಬಂದ ಹಾಗೆ ಹೇಳುವುದಲ್ಲ. ಯಾವ ಬೆಳೆಗೆ ಎಕರೆಗೆ ಎಷ್ಟು ಅಂತ ಜಿಲ್ಲಾ ಮಟ್ಟದಲ್ಲಿ ನಿಗದಿ ಆಗಿರುತ್ತದೆ. ಅದರಲ್ಲೂ ಸೊಸೈಟಿಗೆ ಜಿಲ್ಲೆಯ ಸಹಕಾರಿ ಬ್ಯಾಂಕಾದ ಡಿಸಿಸಿ ಬ್ಯಾಂಕಿನಿಂದ ಬಂದ ಹಣ ಎಷ್ಟೋ ಅಷ್ಟರೊಳಗೆ ಹಂಚುತ್ತಾರೆ. ನನಗೆ 90,000 ಮಂಜೂರಾಯಿತು.

ಇದು ಶೂನ್ಯ ಬಡ್ಡಿ ಸಾಲ. 3 ಲಕ್ಷ ಇದ್ದ ಇದರ ಮಿತಿಯನ್ನು ರಾಜ್ಯ ಸರಕಾರ 2023-24ರ ಬಜೆಟ್‌ನಲ್ಲಿ 5 ಲಕ್ಷಕ್ಕೆ ಏರಿಸಿತು. ಆದರೆ ಬಡ್ಡಿ ಶೂನ್ಯ ಅಂದಮಾತ್ರಕ್ಕೆ ಖರ್ಚೂ ಶೂನ್ಯ ಅಲ್ಲ. ಷೇರಿಗೆ ಅಂತ 4,500 ಹಿಡಿದರು. ಅದು ನನ್ನ ಹೆಸರಲ್ಲೇ ಇರುವ ದುಡ್ಡು, ಆದರೆ ಬಿತ್ತನೆಗೆ ಕೈಗೆ ಬರುವುದಿಲ್ಲ, ಅಷ್ಟನ್ನು ಬೇರೆ ಕಡೆಯಿಂದ ಹೊಂದಿಸಬೇಕು. ಬೆಳೆವಿಮೆ ಕಂತು ಸುಮಾರು 1,400. 2020ರ ಮುಂಗಾರಿನಿಂದ ಸಾಲ ಪಡೆದವರಿಗೂ ವಿಮೆ ಕಡ್ಡಾಯ ಇಲ್ಲ. ಬೇಡ ಅನ್ನುವವರು ವಿಮೆ ನೋಂದಣಿಯ ಕೊನೆ ದಿನಕ್ಕೆ ಏಳು ದಿನ ಮುಂಚೆ ಬರೆದುಕೊಡಬೇಕು, ಸುಮ್ಮನಿದ್ದರೆ ಹಿಡಿದೇ ಹಿಡಿಯುತ್ತಾರೆ. ನಾನು ಇಟ್ಟುಕೊಂಡೆ, ಮಳೆ ನಂಬಿದ ಜಮೀನಿಗೆ ಅದು ಬೇಕು. ಕಾಗದಪತ್ರ, ಬಸ್ಸು, ತಪ್ಪಿದ ಕೂಲಿ ಎಲ್ಲ ಸೇರಿ ಇನ್ನೊಂದು ಸಾವಿರದ ಚಿಲ್ಲರೆ. ಅಂದರೆ 90,000ಕ್ಕೆ ಇಡೀ ವರ್ಷಕ್ಕೆ ಕೈಯಿಂದ ಹೋದದ್ದು ಸುಮಾರು 2,500, ನೂರಕ್ಕೆ ಮೂರೂ ಆಗಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಗೋವಿನಜೋಳ ಎಲ್ಲಿ ಬೇಕಾದರೂ ಮಾರಬಹುದು, ಯಾವಾಗ ಬೇಕಾದರೂ ಮಾರಬಹುದು.

ಈ ಅಗ್ಗದ ಸಾಲ ನಿಂತಿರುವುದು ಒಂದೇ ಒಂದು ತಾರೀಖಿನ ಮೇಲೆ. ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಬಡ್ಡಿ ಶೂನ್ಯ. ಗಡುವು ದಾಟಿದರೆ ಆ ಸವಲತ್ತು ಹೋಗಿ ಸಾಲ ಎತ್ತಿದ ದಿನದಿಂದಲೇ ಬಡ್ಡಿ ಬೀಳುತ್ತದೆ. ನೂರಕ್ಕೆ ಏಳು ಅಂತ ಹಿಡಿದರೂ 90,000ಕ್ಕೆ ವರ್ಷಕ್ಕೆ 6,300, ಅದರ ಮೇಲೆ ಸುಸ್ತಿ ಬಡ್ಡಿ. ಮುಂದಿನ ಸಾಲವೂ ನಿಲ್ಲುತ್ತದೆ. ಮನ್ನಾ ಆದೀತು ಅಂತ ಕಟ್ಟದೆ ಕೂತವರನ್ನು ನಮ್ಮೂರಲ್ಲೇ ನೋಡಿದ್ದೇನೆ. 2018ರಲ್ಲಿ ಒಂದು ಲಕ್ಷದವರೆಗೆ ಮನ್ನಾ ಆಗಿದ್ದು ನಿಜ, ಆದರೆ ಅದನ್ನು ನಂಬಿ ಪ್ರತಿ ವರ್ಷ ಗಡುವು ಬಿಡಲು ಆಗುವುದಿಲ್ಲ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ನಾನು ಸಾಲ ಎತ್ತಿದ್ದು ಮೇ ಕೊನೆಗೆ, ಹಾಗಾಗಿ ಗಡುವೂ ಮುಂದಿನ ಮೇ ಕೊನೆಗೇ. ಗೋವಿನಜೋಳದ ದುಡ್ಡು ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. ಆ ದುಡ್ಡು ಮೇವರೆಗೆ ಮನೆಯಲ್ಲಿ ಉಳಿಯುತ್ತದಾ? ಮದುವೆ, ಜಾತ್ರೆ, ಮಕ್ಕಳ ಫೀ, ದವಾಖಾನೆ, ಎಲ್ಲದಕ್ಕೂ ಹೋಗುತ್ತದೆ. ಮೇ ಬಂದಾಗ ಕೈ ಖಾಲಿ. ಆಗ ಊರಲ್ಲಿ ಎಲ್ಲರೂ ಮಾಡುವುದು ಕಟ್ಟಿ ಎತ್ತುವುದು: ಕೈಸಾಲ ತಂದು ಸೊಸೈಟಿಗೆ ಕಟ್ಟಿ, ಹೊಸ ಸಾಲ ಬಂದ ಕೂಡಲೇ ಕೈಸಾಲ ತೀರಿಸುವುದು. ಇಂಥ ನಾಲ್ಕು ದಿನದ ಸಾಲಕ್ಕೆ ಮೂರು ರೂಪಾಯಿ ಅಲ್ಲ, ಐದು ರೂಪಾಯಿ ಕೇಳುತ್ತಾರೆ. ಹತ್ತು ದಿನಕ್ಕೆ ತಂದರೂ ಪೂರ್ತಿ ತಿಂಗಳ ಬಡ್ಡಿ, 90,000ಕ್ಕೆ 4,500. ಶೂನ್ಯ ಬಡ್ಡಿ ಸಾಲ ಅಲ್ಲಿಗೇ ನೂರಕ್ಕೆ ಐದರ ಸಾಲ ಆಯಿತು. ಹೊಸ ಸಾಲ ಮೂರು ತಿಂಗಳು ತಡವಾದರೆ 13,500, ಅಂದರೆ ನೂರಕ್ಕೆ ಹದಿನೈದು. ತಡ ಆಗುವುದು ಅಪರೂಪವೂ ಅಲ್ಲ. ಸಹಕಾರಿ ಬ್ಯಾಂಕುಗಳಿಗೆ ಬೆಳೆಸಾಲದ ಹಣ ಒದಗಿಸುವ ನಬಾರ್ಡ್‌ನಿಂದ 2023-24ರಲ್ಲಿ ರಾಜ್ಯಕ್ಕೆ 5,600 ಕೋಟಿ ಇದ್ದ ರಿಯಾಯಿತಿ ಸಾಲದ ಮಿತಿ 2024-25ಕ್ಕೆ 2,340 ಕೋಟಿಗೆ ಇಳಿಯಿತು. ಮೇಲಿಂದ ಹಣ ಬಾರದಿದ್ದರೆ ಕಾರ್ಯದರ್ಶಿ ಎಷ್ಟೇ ಒಳ್ಳೆಯವರಾದರೂ ಕೊಡುವುದೆಲ್ಲಿಂದ?

ಕಟ್ಟಿ ಎತ್ತುವುದರಲ್ಲಿ ಇನ್ನೊಂದು ವಿಷಯ ಇದೆ. ಅಸಲು ಒಂದು ರೂಪಾಯಿಯೂ ತೀರಿರುವುದಿಲ್ಲ. ಹೊಸ ಸಾಲ ಕೈಸಾಲಕ್ಕೇ ಹೋಗುತ್ತದೆ, ಬಿತ್ತನೆಗೆ ಏನೂ ಉಳಿಯುವುದಿಲ್ಲ, ಬೀಜ ಗೊಬ್ಬರಕ್ಕೆ ಮತ್ತೆ ಅಡತಿ ಅಂಗಡಿಯೇ ಗತಿ. ಸೊಸೈಟಿ ಸಾಲ ಇದ್ದೂ ಅಂಗಡಿಗೆ ಮಾಲು ಹಾಕುವವರು ಇಷ್ಟು ಜನ ಇರುವುದು ಇದಕ್ಕೇ.

ಹಾಗಾಗಿ ನಾನು ಗಡುವಿನ ದುಡ್ಡನ್ನು ಬೆಳೆ ಬಂದಾಗಲೇ ತೆಗೆದಿಡಲು ಶುರು ಮಾಡಿದೆ. 90,000ವನ್ನು ಮೂರು ಕಡೆ ಹಂಚಿದೆ. ಗೋವಿನಜೋಳದಿಂದ 60,000, ಮಾರ್ಚ್‌ನಲ್ಲಿ ಕಡಲೆಯಿಂದ 18,000, ಉಳಿದ 12,000 ಹಾಲಿನ ಬಿಲ್ಲಿನಿಂದ, ಡಿಸೆಂಬರ್‌ನಿಂದ ತಿಂಗಳಿಗೆ 2,000ದಂತೆ. ಆಗಸ್ಟ್ ಕೊನೆಗೆ ಬರುವ ಹೆಸರಿನ ದುಡ್ಡನ್ನು ಇದಕ್ಕೆ ಸೇರಿಸಲಿಲ್ಲ. ಅದು ಆಳಿನ ಕೂಲಿಗೆ, ಮತ್ತೆ ಬೇಸಿಗೆಯಲ್ಲಿ ಅಲ್ಲಿ ಇಲ್ಲಿ ತಂದ ಸಣ್ಣ ಕೈಸಾಲಕ್ಕೆ. ತಿಂಗಳ ಬಡ್ಡಿ ಓಡುವ ಸಾಲವನ್ನು ಮೊದಲ ಬೆಳೆಯಲ್ಲೇ ಮುಗಿಸಬೇಕು, ಬಡ್ಡಿ ಇಲ್ಲದ್ದು ಗಡುವಿನವರೆಗೆ ಕಾಯಬಹುದು.

ಗೋವಿನಜೋಳ ಒಮ್ಮೆಗೇ ಮಾರುವುದಿಲ್ಲ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸುಗ್ಗಿಯಲ್ಲೇ ಟೆಂಡರಿಗೆ ಹಾಕುತ್ತೇನೆ, ಆ ದುಡ್ಡು ಬ್ಯಾಂಕಿಗೆ ಬಂದ ದಿನವೇ 60,000 ತೆಗೆದು ಮೇ ಮೊದಲ ವಾರಕ್ಕೆ ಮುಗಿಯುವ ಹಾಗೆ ಠೇವಣಿ ಇಡುತ್ತೇನೆ. ಸಾಲಕ್ಕೆ ಬಡ್ಡಿ ಇಲ್ಲ ಅಂದಮೇಲೆ ಆರು ತಿಂಗಳು ಮುಂಚೆ ಕಟ್ಟಿ ಏನೂ ಲಾಭ ಇಲ್ಲ, ಠೇವಣಿಗೆ ಆದರೆ ನಾಲ್ಕು ಕಾಸು ಬಡ್ಡಿ ಬರುತ್ತದೆ. ಎಸ್‌ಬಿ ಖಾತೆಯಲ್ಲೇ ಬಿಟ್ಟರೆ ಮಾತ್ರ ಖರ್ಚಾಗಿಬಿಡುತ್ತದೆ. ಉಳಿದ ಜೋಳ ಚೆನ್ನಾಗಿ ಒಣಗಿಸಿ ಇಡುತ್ತೇನೆ. ಹಸಿ ಮಾಲು ಇಟ್ಟರೆ ಬೂಸು ಹಿಡಿಯುತ್ತದೆ, ಹುಳ ಬೀಳುತ್ತದೆ, ಆಗ ಕಾದು ಮಾರಿದ ಲಾಭ ಎಲ್ಲ ಅಲ್ಲೇ ಹೋಗುತ್ತದೆ.

ಕಟ್ಟುವಾಗ ಕೊನೆ ದಿನದವರೆಗೆ ಕಾಯಬೇಡಿ. ನಾನು ಮೇ ಎರಡನೇ ವಾರದಲ್ಲಿ ಕಟ್ಟುತ್ತೇನೆ. ಕಂಪ್ಯೂಟರ್ ಕೆಟ್ಟಿದೆ, ಕಾರ್ಯದರ್ಶಿ ಇಲ್ಲ, ರಜೆ ಅಂತ ಏನಾದರೂ ಇದ್ದೇ ಇರುತ್ತದೆ. ರಸೀದಿಯಲ್ಲಿ ಬಿದ್ದ ತಾರೀಖೇ ಲೆಕ್ಕ, ನೀವು ದುಡ್ಡು ಹಿಡಿದು ಹೋದ ದಿನ ಅಲ್ಲ. ಗಡುವಿನ ದಿನವನ್ನು ಸಾಲ ಎತ್ತಿದ ದಿನವೇ ಪಾಸ್‌ಬುಕ್ಕಿನಲ್ಲಿ ಬರೆಸಿಕೊಳ್ಳಿ. ಬರ ಅಂತ ಸರಕಾರ ಘೋಷಿಸಿದ ವರ್ಷ ಬೆಳೆ ಹೋಗಿದ್ದರೆ ಸಾಲವನ್ನು ಮಧ್ಯಮಾವಧಿಗೆ ಪರಿವರ್ತನೆ ಮಾಡುವ ಅವಕಾಶ ಬಂದಿದೆಯಾ ಅಂತ ಗಡುವಿಗೆ ಮುಂಚೆಯೇ ಸೊಸೈಟಿಯಲ್ಲಿ ಕೇಳಿ, ದಾಟಿದ ಮೇಲೆ ಕೇಳಿದರೆ ನೀವು ಸುಸ್ತಿದಾರರು.

ಇಷ್ಟೆಲ್ಲ ಮಾಡಿಯೂ ಒಂದು ವರ್ಷ ಕಡಲೆ ಕೈಕೊಟ್ಟು ದುಡ್ಡು ಕಡಿಮೆ ಬಿತ್ತು. ಆಗ ಐದು ರೂಪಾಯಿ ಬಡ್ಡಿಗೆ ಹೋಗದೆ ಮನೆಯಾಕೆಯ ಸರವನ್ನು ಬ್ಯಾಂಕಿನಲ್ಲಿ ಇಟ್ಟೆ. ವರ್ಷಕ್ಕೆ ನೂರಕ್ಕೆ ಹತ್ತು ಅಂದುಕೊಂಡರೂ 18,000ಕ್ಕೆ ತಿಂಗಳಿಗೆ 150 ರೂಪಾಯಿ. ಅದೇ ದುಡ್ಡನ್ನು ಐದು ರೂಪಾಯಿ ಬಡ್ಡಿಗೆ ತಂದಿದ್ದರೆ 900. ಹೊಸ ಸಾಲ ಜುಲೈವರೆಗೆ ಬರಲಿಲ್ಲ. ಬ್ಯಾಂಕಿನ ಬಡ್ಡಿ ದಿನದ ಲೆಕ್ಕದಲ್ಲಿ ಇದ್ದಿದ್ದರಿಂದ ಹೆಸರು ಮಾರಿದ ದಿನ ಹೋಗಿ, ಅಲ್ಲಿಯವರೆಗಿನದು ಮಾತ್ರ ಕಟ್ಟಿ ಸರ ಬಿಡಿಸಿಕೊಂಡು ಬಂದೆ.