ಹಳ್ಳಿಯ ಸಂದರ್ಶನಕ್ಕೆ ಮಾಹಿತಿ ಪತ್ರ, ಒಪ್ಪಿಗೆ ಪತ್ರ ಬರೆಯುವುದು ಹೇಗೆ?

ಸಂಶೋಧನೆಗೆಂದು ಹಳ್ಳಿಗೆ ಹೋಗುವವರ ಚೀಲದಲ್ಲಿ ಎರಡು ಕಾಗದ ಇರಲೇಬೇಕು. ಏನು ಕೇಳುತ್ತೇವೆ, ಯಾಕೆ ಕೇಳುತ್ತೇವೆ ಎಂದು ತಿಳಿಸುವ ಮಾಹಿತಿ ಪತ್ರ ಒಂದು. ‘ಆಯ್ತು, ಮಾತಾಡ್ತೀನಿ’ ಎಂಬುದಕ್ಕೆ ಗುರುತಾಗಿ ಒಪ್ಪಿಗೆ ಪತ್ರ ಇನ್ನೊಂದು. ಸಾಮಾನ್ಯವಾಗಿ ಇವನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು, ಕೊನೇ ಗಳಿಗೆಯಲ್ಲಿ ಯಾರಿಂದಲೋ ಕನ್ನಡ ಮಾಡಿಸುತ್ತಾರೆ. ಹಾಗೆ ಬಂದ ಪತ್ರ ಓದಿದವರಿಗೇ ಅರ್ಥವಾಗುವುದಿಲ್ಲ, ಕೇಳಿದವರಿಗೆ ಹೇಗಾದೀತು?

ಒಂದು ಉದಾಹರಣೆ ಹಿಡಿದು ನೋಡೋಣ. ವಿದ್ಯಾರ್ಥಿನಿಯೊಬ್ಬಳು ಸಂಘದ ಸಾಲ ತೆಗೆದುಕೊಂಡ ಹೆಂಗಸರನ್ನು ಮಾತಾಡಿಸಬೇಕು. ವಾರದ ಕಂತು ಹೇಗೆ ಕಟ್ಟುತ್ತಾರೆ, ತಪ್ಪಿದರೆ ಏನಾಗುತ್ತದೆ ಎಂಬುದು ಅವಳ ವಿಷಯ. ವಸೂಲಿಯ ಕಿರುಕುಳ ಜಾಸ್ತಿಯಾಗಿ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹಾಗಾಗಿ ಸಾಲದ ಬಗ್ಗೆ ಕೇಳಲು ಬಂದವರನ್ನು ಜನ ಎರಡೇ ರೀತಿಯಲ್ಲಿ ನೋಡುತ್ತಾರೆ. ಒಂದೋ ವಸೂಲಿಯವರು, ಇಲ್ಲಾ ಸಾಲ ಮನ್ನಾ ಮಾಡಿಸುವವರು.

ಮೊದಲು ಈ ತಪ್ಪು ತಿಳಿವಳಿಕೆ ತೆಗೆಯಿರಿ

ಮಾಹಿತಿ ಪತ್ರ ಸಂಶೋಧನೆಯ ಉದ್ದೇಶದಿಂದ ಶುರುವಾಗಬೇಕೆಂದೇನೂ ಇಲ್ಲ. ಕೇಳುವವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆಯಿಂದ ಶುರುವಾದರೆ ಒಳ್ಳೆಯದು. ಉದಾಹರಣೆಗೆ:

“ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆ. ನಾನು ಬ್ಯಾಂಕಿನವಳಲ್ಲ, ಸಂಘದವಳಲ್ಲ, ಸರ್ಕಾರದವಳೂ ಅಲ್ಲ. ನನ್ನ ಹತ್ತಿರ ಮಾತಾಡಿದರೆ ನಿಮ್ಮ ಸಾಲ ಮನ್ನಾ ಆಗುವುದಿಲ್ಲ, ಹೊಸ ಸಾಲವೂ ಸಿಗುವುದಿಲ್ಲ. ಮಾತಾಡದಿದ್ದರೆ ನಿಮಗೆ ಬರುತ್ತಿರುವ ಯಾವ ಸೌಲಭ್ಯವೂ ನಿಲ್ಲುವುದಿಲ್ಲ.”

ಕೊನೆಯ ಎರಡು ವಾಕ್ಯ ಹೇಳುವಾಗ ಸಂಕೋಚವಾಗಬಹುದು. ಬಿಡಬೇಡಿ. ಆಸೆ ಇಟ್ಟುಕೊಂಡು, ಇಲ್ಲವೇ ಹೆದರಿಕೊಂಡು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಕಿವಿಗಾಗಿ ಬರೆಯಿರಿ

ಈ ಪತ್ರವನ್ನು ಬಹಳಷ್ಟು ಜನ ಓದುವುದಿಲ್ಲ, ನೀವು ಓದಿ ಹೇಳಿದ್ದನ್ನು ಕೇಳುತ್ತಾರೆ. ಒಂದು ವಾಕ್ಯದಲ್ಲಿ ಒಂದೇ ವಿಷಯ ಇರಲಿ. ‘ಅಧ್ಯಯನದಲ್ಲಿ ಪಾಲ್ಗೊಳ್ಳುವಿಕೆಯು ಸಂಪೂರ್ಣ ಸ್ವಯಂಪ್ರೇರಿತವಾಗಿದ್ದು, ಯಾವುದೇ ಹಂತದಲ್ಲಿ ಹಿಂದೆ ಸರಿಯುವ ಹಕ್ಕು ತಮಗಿರುತ್ತದೆ’ ಎಂದು ಬರೆಯುವ ಬದಲು ಹೀಗೆ ಬರೆಯಬಹುದು: “ಮಾತಾಡಲೇಬೇಕು ಅಂತ ಇಲ್ಲ. ಇಷ್ಟ ಇಲ್ಲದ ಪ್ರಶ್ನೆ ಬಿಡಬಹುದು. ನಡುವೆ ‘ಸಾಕು’ ಎಂದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಯಾಕೆ ಅಂತ ಕೇಳುವುದಿಲ್ಲ.”

ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ಕೂತು ಮಾತಾಡುವುದು, ದನಿ ರೆಕಾರ್ಡ್ ಮಾಡುತ್ತೀರಾ, ಆ ರೆಕಾರ್ಡ್ ಯಾರು ಕೇಳುತ್ತಾರೆ, ಯಾವಾಗ ಅಳಿಸುತ್ತೀರಿ ಎಂಬುದನ್ನೂ ಇದೇ ರೀತಿ ಹೇಳಿ. ಕೂಲಿ ತಪ್ಪಿದ್ದಕ್ಕೆ ಹಣ ಕೊಡುವುದಾದರೆ ಎಷ್ಟು ಎಂದು ಬರೆಯಿರಿ. ಅರ್ಧಕ್ಕೆ ನಿಲ್ಲಿಸಿದರೂ ಕೊಡುತ್ತೇವೆ ಎಂದೂ ಬರೆಯಿರಿ. ಇಲ್ಲದಿದ್ದರೆ ದುಡ್ಡಿಗಾಗಿ ಕಷ್ಟಪಟ್ಟು ಕೂತಿರುತ್ತಾರೆ.

ಗುಟ್ಟಿನ ಬಗ್ಗೆ ಆಗದ ಮಾತು ಕೊಡಬೇಡಿ

‘ನಿಮ್ಮ ಹೆಸರು ಯಾರಿಗೂ ತಿಳಿಯುವುದಿಲ್ಲ’ ಎಂದು ಸಲೀಸಾಗಿ ಬರೆದುಬಿಡುತ್ತೇವೆ. ಹಳ್ಳಿಯಲ್ಲಿ ಹೆಸರು ಬದಲಾಯಿಸಿದರೆ ಸಾಲದು. ‘ಗಂಡ ತೀರಿಕೊಂಡ ಮೇಲೆ ಹೊಲಿಗೆ ಅಂಗಡಿ ಇಟ್ಟ, ಮೂರು ಸಂಘದಲ್ಲಿ ಸಾಲ ಇರುವ ಹೆಂಗಸು’ ಎಂದು ಬರೆದರೆ ಊರಿನವರು ಕಣ್ಣುಮುಚ್ಚಿ ಹೆಸರು ಹೇಳುತ್ತಾರೆ. ಅದಕ್ಕೇ ಪತ್ರದಲ್ಲಿ ಇಷ್ಟು ಹೇಳಿ: “ನಿಮ್ಮ ಹೆಸರು, ಊರಿನ ಹೆಸರು ಬರೆಯುವುದಿಲ್ಲ. ಗುರುತು ಸಿಗುವಂಥ ವಿವರ ಬದಲಾಯಿಸುತ್ತೇನೆ. ಆದರೂ ನಾನು ನಿಮ್ಮ ಮನೆಗೆ ಬಂದದ್ದನ್ನು ಅಕ್ಕಪಕ್ಕದವರು ನೋಡಬಹುದು. ಬೇರೆ ಕಡೆ ಮಾತಾಡೋಣ ಎಂದರೆ ಅಲ್ಲಿಗೆ ಬರುತ್ತೇನೆ.”

ಹೇಳಿದ್ದನ್ನು ಹಿಂದಕ್ಕೆ ಪಡೆಯಲು ಒಂದು ಕೊನೆಯ ದಿನ ಇಡಿ. ವರದಿ ಅಚ್ಚಾದ ಮೇಲೆ ತೆಗೆಯಲಾಗುವುದಿಲ್ಲ. ಇದನ್ನು ಮೊದಲೇ ಹೇಳಬೇಕು.

ಒಪ್ಪಿಗೆ ಪತ್ರದಲ್ಲಿ ಒಂದೇ ‘ಹೌದು’ ಸಾಲದು

ಮಾತಾಡಲು ಒಪ್ಪಿದವರು ರೆಕಾರ್ಡ್ ಬೇಡ ಎನ್ನಬಹುದು. ಅದಕ್ಕೇ ಬೇರೆ ಬೇರೆ ಸಾಲು ಮಾಡಿ, ಒಂದೊಂದಕ್ಕೂ ‘ಹೌದು’, ‘ಬೇಡ’ ಎಂಬ ಎರಡು ಚೌಕ ಇಡಿ:

ಮಾತಾಡಲು ಒಪ್ಪಿದ್ದೇನೆ.
ನನ್ನ ದನಿ ರೆಕಾರ್ಡ್ ಮಾಡಬಹುದು.
ನಾನು ಹೇಳಿದ ಮಾತನ್ನು ಹೆಸರಿಲ್ಲದೆ ಬರೆಯಬಹುದು.
ಇನ್ನೊಮ್ಮೆ ಬಂದು ಮಾತಾಡಿಸಬಹುದು.

ಒಂದೊಂದು ಸಾಲನ್ನೂ ಓದಿ, ಉತ್ತರ ಕೇಳಿ, ಆಮೇಲೆ ಗುರುತು ಹಾಕಿ. ಎಲ್ಲದಕ್ಕೂ ಮೊದಲೇ ‘ಹೌದು’ ಹಾಕಿಟ್ಟುಕೊಂಡು ಹೋಗುವವರೂ ಇದ್ದಾರೆ ಬಿಡಿ.

ಓದಲು ಬಾರದವರಾದರೆ, ಓದುಬರಹ ಬಲ್ಲ ಒಬ್ಬ ಸಾಕ್ಷಿ ಇರಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಸಾಕ್ಷಿಯು ಯಾರ ಪರವೂ ಇರಬಾರದು. ನಿಮ್ಮ ತಂಡದವರು ಆಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಸಂಘದ ಅಧ್ಯಕ್ಷೆಯೂ ಆಗುವುದಿಲ್ಲ. ಕಂತು ಕೇಳುವವರ ಎದುರಿಗೆ ಯಾರು ತಾನೇ ‘ಬೇಡ’ ಎಂದಾರು? ಪಂಚಾಯಿತಿ ಸದಸ್ಯರು ಒಪ್ಪಿದರು ಎಂಬುದೂ ಸಾಲದು. ಊರೊಳಗೆ ಬರಲು ಅವರ ಅನುಮತಿ ಬೇಕಾಗಬಹುದು. ಆದರೆ ಆ ಹೆಂಗಸಿನ ಒಪ್ಪಿಗೆಯನ್ನು ಅವರು ಕೊಡಲಾಗದು.

ಹೆಬ್ಬೆಟ್ಟಿನ ವಿಷಯದಲ್ಲಿ ಇನ್ನೂ ಜೋಪಾನ. ಹೆಬ್ಬೆಟ್ಟು ಒತ್ತಿ ಸಾಲದಲ್ಲೋ ಜಮೀನಿನಲ್ಲೋ ಕೈ ಸುಟ್ಟುಕೊಂಡವರಿಗೆ ಕಪ್ಪು ಶಾಯಿ ಕಂಡರೇ ಅಳುಕು. “ಇದು ಸಾಲದ ಕಾಗದ ಅಲ್ಲ, ಇದರಿಂದ ನಿಮ್ಮ ಮೇಲೆ ಯಾವ ಹೊಣೆಯೂ ಬರುವುದಿಲ್ಲ” ಎಂಬ ಸಾಲು ಹೆಬ್ಬೆಟ್ಟಿನ ಜಾಗದ ಮೇಲೆಯೇ ಇರಲಿ. ಅದಕ್ಕೂ ಒಪ್ಪದಿದ್ದರೆ ಬಾಯಿಮಾತಿನ ಒಪ್ಪಿಗೆಯನ್ನು ಸಾಕ್ಷಿಯ ಎದುರು ದಾಖಲಿಸಬಹುದು. ಇದಕ್ಕೆ ನೈತಿಕ ಸಮಿತಿಯ, ಅಂದರೆ ಸಂಶೋಧನೆಯಿಂದ ಜನರಿಗೆ ತೊಂದರೆಯಾಗದಂತೆ ಪರಿಶೀಲಿಸುವ ಸಮಿತಿಯ ಅನುಮತಿಯನ್ನು ಮೊದಲೇ ಪಡೆದಿರಬೇಕು.

ಪಕ್ಕದೂರಿನಲ್ಲಿ ಪರೀಕ್ಷೆ ಮಾಡಿ

ಸಂದರ್ಶನ ನಡೆಯುವ ಊರು ಬಿಟ್ಟು, ಅದೇ ಸೀಮೆಯ ಬೇರೆ ಊರಿನಲ್ಲಿ ನಾಲ್ಕೈದು ಜನರಿಗೆ ಪತ್ರ ಓದಿ ಹೇಳಿ. ‘ಅರ್ಥ ಆಯ್ತಾ?’ ಎಂದು ಮಾತ್ರ ಕೇಳಬೇಡಿ. ಮರ್ಯಾದೆಗಾದರೂ ಎಲ್ಲರೂ ‘ಹೂಂ’ ಅನ್ನುತ್ತಾರೆ. ಅದರ ಬದಲು ಹೀಗೆ ಕೇಳಿ: “ಅಕ್ಕಾ, ಸಂಜೆ ಮನೆಯವರು ಬಂದು ‘ಅವಳು ಯಾಕೆ ಬಂದಿದ್ದಳು’ ಅಂದರೆ ಏನು ಹೇಳ್ತೀರಿ?” ‘ಸಾಲದ ಪಟ್ಟಿ ಬರ್ಕೊಂಡು ಹೋದ್ಲು, ಏನೋ ಮನ್ನಾ ಆಗಬಹುದು’ ಎಂಬ ಉತ್ತರ ಬಂದರೆ ಪತ್ರ ಸೋತಿತು ಎಂದೇ ಅರ್ಥ. ಎಲ್ಲಿ ಹಾಗೆ ಅನ್ನಿಸಿತು ಎಂದು ಕೇಳಿ, ಆ ಭಾಗ ತಿದ್ದಿ, ಹೊಸಬರಿಗೆ ಮತ್ತೆ ಓದಿ. ಸೀಮೆಯ ಮಾತು ತಿಳಿಯುವುದೂ ಇಲ್ಲೇ. ಒಂದು ಕಡೆ ‘ಕಂತು’ ಎನ್ನುವುದನ್ನು ಇನ್ನೊಂದು ಕಡೆ ‘ಹಪ್ತಾ’ ಎನ್ನುತ್ತಾರೆ.

ಸಂದರ್ಶನದ ದಿನವೂ ಕಿವಿ ಚುರುಕಾಗಿರಲಿ. ‘ಆಮೇಲೆ ನೋಡೋಣ’, ‘ಯಜಮಾನ್ರನ್ನ ಕೇಳಬೇಕು’ ಎಂದರೆ ಅದು ಬಹುಪಾಲು ‘ಬೇಡ’ ಎಂಬುದರ ನಯವಾದ ರೂಪ. ಒತ್ತಾಯ ಮಾಡದೆ ಎದ್ದು ಬನ್ನಿ.

ಪತ್ರದ ಒಂದು ಪ್ರತಿ ಅವರಿಗೆ ಸೇರಬೇಕು. ಆದರೆ ಮನೆಯವರಿಗೆ ತಿಳಿಯದೆ ಸಾಲ ಮಾಡಿದ ಹೆಂಗಸಿಗೆ ಈ ಕಾಗದವೇ ಕಂಟಕವಾಗಬಹುದು. ‘ಇದನ್ನ ಮನೆಯಲ್ಲಿ ಇಟ್ಕೋಬಹುದಾ?’ ಎಂದು ಕೇಳಿ. ಬೇಡ ಎಂದರೆ ನಿಮ್ಮ ಮತ್ತು ನೈತಿಕ ಸಮಿತಿಯ ಫೋನ್ ನಂಬರ್ ಇರುವ ಚೀಟಿ ಮಾತ್ರ ಕೊಡಿ. ಹಾಗೆ ಮಾಡಿದ್ದನ್ನು ನಿಮ್ಮ ಪ್ರತಿಯಲ್ಲಿ ಬರೆದಿಟ್ಟುಕೊಳ್ಳಿ.

ಕನ್ನಡದ ಪತ್ರವೂ ನೈತಿಕ ಸಮಿತಿಯ ಮುಂದೆ ಹೋಗಿ ಬರಬೇಕು. ಆದ್ದರಿಂದ ಪಕ್ಕದೂರಿನ ಪರೀಕ್ಷೆ ಮುಗಿಸಿ, ತಿದ್ದಿದ ರೂಪವನ್ನೇ ಸಲ್ಲಿಸಿ. ಪುಟದ ಕೆಳಗೆ ಆವೃತ್ತಿಯ ಸಂಖ್ಯೆ, ದಿನಾಂಕ ಹಾಕಿ. ಒಪ್ಪಿಗೆ ಸಿಕ್ಕ ಮೇಲೆ ಒಂದು ಸಾಲು ಬದಲಾಯಿಸಿದರೂ ಮತ್ತೆ ಸಮಿತಿಗೆ ಕಳಿಸಬೇಕಾಗುತ್ತದೆ.