ಎದೆನೋವಿನ ನೋಟ್ಸ್ ಮೈಂಡ್ ಮ್ಯಾಪ್ ಆಗುವುದು ಹೇಗೆ?

ಎದೆನೋವಿನ ಕಾರಣಗಳ ಬಗ್ಗೆ ಮೆಡಿಸಿನ್ ಕ್ಲಾಸಿನಲ್ಲಿ ಬರೆದುಕೊಂಡ ನೋಟ್ಸ್ ತೆಗೆದು ನೋಡಿ. ನೀವು ಬೆಳಗಾವಿಯಲ್ಲಿ ಓದುತ್ತಿರಿ, ಬಾಗಲಕೋಟೆಯಲ್ಲಿ ಓದುತ್ತಿರಿ, ಪುಟ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೊದಲು ಹೃದಯ, ಆಮೇಲೆ ಶ್ವಾಸಕೋಶ, ಅನ್ನನಾಳ, ಪಕ್ಕೆಲುಬು, ಕೊನೆಗೆ ಆತಂಕ. ಪಾಠ ಹೇಳಲು ಈ ಕ್ರಮ ಚೆನ್ನಾಗಿದೆ. ಆದರೆ ಕ್ಯಾಶುವಾಲ್ಟಿಗೆ ಬಂದವರು ತಮ್ಮ ಯಾವ ಅಂಗ ಕೆಟ್ಟಿದೆ ಎಂದು ಹೇಳುವುದಿಲ್ಲ. "ಎದಿ ಹಿಂಡಿದಂಗ ಆಗಾಕತ್ತೈತ್ರಿ" ಅನ್ನುತ್ತಾರೆ. ಆ ಮಾತಿನಿಂದ ರೋಗದ ಹೆಸರಿಗೆ ಹೋಗುವ ದಾರಿ ನೋಟ್ಸಿನಲ್ಲಿ ಇರುವುದಿಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು. ಮೈಂಡ್ ಮ್ಯಾಪ್ ಇರುವುದು ಅದಕ್ಕೇ.

ಮೊದಲು ಚೀಟಿ, ಆಮೇಲೆ ಹಾಳೆ

ದೊಡ್ಡ ಹಾಳೆ ಹರವಿಕೊಂಡು ಸೀದಾ ಗೆರೆ ಎಳೆಯಲು ಕೂರಬೇಡಿ. ಹಾಗೆ ಮಾಡಿದರೆ ನೋಟ್ಸಿನ ಕ್ರಮವೇ ಬಣ್ಣ ಹಚ್ಚಿಕೊಂಡು ಹಾಳೆಗೆ ಇಳಿಯುತ್ತದೆ. ಮೊದಲು ಒಂದೊಂದು ರೋಗಕ್ಕೆ ಒಂದೊಂದು ಚೀಟಿ ಮಾಡಿ. ಪ್ರತಿ ಚೀಟಿಯಲ್ಲೂ ಮೂರೇ ಸಂಗತಿ ಇರಲಿ. ನೋವು ಹೇಗೆ ಶುರುವಾಗುತ್ತದೆ, ಯಾವುದರಿಂದ ಜಾಸ್ತಿ ಅಥವಾ ಕಡಿಮೆ ಆಗುತ್ತದೆ, ಮುಟ್ಟಿ ನೋಡಿದಾಗ ಅಥವಾ ಇಸಿಜಿಯಲ್ಲಿ ಏನು ಕಾಣುತ್ತದೆ.

ಪೆರಿಕಾರ್ಡೈಟಿಸ್ ಚೀಟಿ ಹೀಗಿರುತ್ತದೆ: ಚುಚ್ಚುವ ನೋವು, ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಕಡಿಮೆ, ಇಸಿಜಿಯ ಬಹಳಷ್ಟು ಲೀಡ್‌ಗಳಲ್ಲಿ ಎಸ್‌ಟಿ ಏರಿಕೆ. ಅಷ್ಟು ಸಾಕು. ಯಾವ ವೈರಸ್, ಯಾವ ಮಾತ್ರೆ ಅನ್ನುವುದೆಲ್ಲ ನೋಟ್ಸಿನಲ್ಲೇ ಇರಲಿ.

ಬರೆಯುತ್ತಾ ಹೋದಂತೆ ಕೆಲವು ಚೀಟಿಗಳಲ್ಲಿ ಮೊದಲನೇ ಸಾಲೇ ಖಾಲಿ ಉಳಿಯುತ್ತದೆ. ಎದೆನೋವಿನ ನೋಟ್ಸಿನಲ್ಲಿ ಬಹಳ ಸಲ ಬಿಟ್ಟುಹೋಗುವುದು ನೋವು ಶುರುವಾದ ರೀತಿ. ಪಠ್ಯಪುಸ್ತಕ ತೆಗೆದು ಅದನ್ನು ತುಂಬಿಕೊಂಡೇ ಮುಂದೆ ಹೋಗಿ. ಇಡೀ ನಕ್ಷೆ ನಿಲ್ಲುವುದು ಆ ಸಾಲಿನ ಮೇಲೆ.

ಅಪಾಯದ ಪ್ರಕಾರ ಕೊಂಬೆ

ಈಗ ಚೀಟಿಗಳನ್ನು ಮೂರು ಗುಂಪು ಮಾಡಿ. ಮೊದಲನೆಯದು ಇವತ್ತೇ, ಕೆಲವೊಮ್ಮೆ ನಿಮಿಷಗಳಲ್ಲೇ ಜೀವ ತೆಗೆಯಬಲ್ಲವು. ಇದರಲ್ಲಿ ಆರು ಇರುತ್ತವೆ: ಹೃದಯಾಘಾತ ಮತ್ತು ಅದರ ಹಿಂದಿನ ಅಸ್ಥಿರ ಆಂಜೈನಾ, ಮಹಾಧಮನಿಯ ಗೋಡೆ ಸೀಳುವ ಅಯೋರ್ಟಿಕ್ ಡಿಸೆಕ್ಷನ್, ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಳ್ಳುವ ಪಲ್ಮನರಿ ಎಂಬಾಲಿಸಂ, ಟೆನ್ಷನ್ ನ್ಯುಮೋಥೊರಾಕ್ಸ್, ಹೃದಯದ ಸುತ್ತ ದ್ರವ ಒತ್ತುವ ಟ್ಯಾಂಪೊನೇಡ್, ಜೋರು ವಾಂತಿಯ ನಂತರ ಅನ್ನನಾಳ ಹರಿಯುವುದು. ಎರಡನೇ ಗುಂಪಿಗೆ ನ್ಯುಮೋನಿಯಾ, ಪೆರಿಕಾರ್ಡೈಟಿಸ್ ಥರದವು ಬರುತ್ತವೆ. ಮೂರನೆಯದರಲ್ಲಿ ಆಸಿಡಿಟಿ, ಪಕ್ಕೆಲುಬಿನ ಕೀಲಿನ ನೋವು, ಸ್ನಾಯು ಸೆಳೆತ, ಸರ್ಪಸುತ್ತು, ಆತಂಕ.

ಹಾಳೆಯ ನಡುವೆ ಎದೆನೋವು ಎಂದು ಬರೆದು ಸುತ್ತು ಹಾಕಿ. ಮೊದಲ ಗುಂಪು ಮೇಲ್ಗಡೆ ಕೆಂಪಿನಲ್ಲಿ ಬರಲಿ, ಅದಕ್ಕೆ ಅರ್ಧ ಹಾಳೆ ಬಿಡಿ. ಹೊರರೋಗಿ ವಿಭಾಗದಲ್ಲಿ ಮೂರನೇ ಗುಂಪಿನವರು ಜಾಸ್ತಿ ಇರುತ್ತಾರೆ, ನಿಜ. ಆದರೂ ನಕ್ಷೆಯಲ್ಲಿ ಜಾಗ ಕೊಡುವಾಗ ಯಾವುದು ಸಾಮಾನ್ಯ ಎಂದು ನೋಡಬಾರದು, ಯಾವುದನ್ನು ತಪ್ಪಿಸಿಕೊಂಡರೆ ಮನುಷ್ಯ ಸಾಯುತ್ತಾನೆ ಎಂದು ನೋಡಬೇಕು. ಈ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಗೆರೆಯ ಮೇಲೆ ರೋಗಿಯ ಮಾತು

ಕೊಂಬೆಯ ತುದಿಗೆ ರೋಗದ ಹೆಸರು ಬರುತ್ತದೆ. ಅಲ್ಲಿಗೆ ಹೋಗುವ ಗೆರೆಯ ಮೇಲೆ ರೋಗಿಯ ಮಾತು ಬರೆಯಿರಿ, ಅವರು ಆಡಿದ ಹಾಗೇ. ಹೃದಯಾಘಾತದ ಗೆರೆ ಮೇಲೆ "ಎದಿ ಮ್ಯಾಲೆ ಕಲ್ಲು ಇಟ್ಟಂಗ". ಪ್ಲೂರಿಸಿ ಮತ್ತು ಎಂಬಾಲಿಸಂ ಎರಡಕ್ಕೂ "ಉಸರ ತಗೊಂಡ್ರ ಚುಚ್ಚತೈತಿ". ಡಿಸೆಕ್ಷನ್‌ಗೆ "ಒಮ್ಮಿಂದೊಮ್ಮೆಲೆ ಹರಿದಂಗಾತು".

"ಗ್ಯಾಸ್ ಆಗೈತ್ರಿ" ಅನ್ನುವ ಮಾತಿಗೆ ಎರಡು ಬಾಣ ಬೇಕೇ ಬೇಕು. ಒಂದು ಆಸಿಡಿಟಿಗೆ, ಇನ್ನೊಂದು ಕೆಂಪು ಗುಂಪಿನ ಹೃದಯಾಘಾತಕ್ಕೆ. ಹೃದಯದ ಕೆಳಭಾಗಕ್ಕೆ ರಕ್ತ ನಿಂತಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಬಹುದು, ಜೊತೆಗೆ ವಾಕರಿಕೆಯೂ ಇರುತ್ತದೆ. ರಾತ್ರಿ ಮಿರ್ಚಿ ಭಜಿ ತಿಂದದ್ದು ನೆನಪಾದರೆ ಮನೆಯವರೂ ಅದೇ ಕಾರಣ ಅಂದುಬಿಡುತ್ತಾರೆ. ಆಂಟಾಸಿಡ್ ಕುಡಿದು ನೋವು ಇಳಿದರೂ ಹೃದಯ ಚೆನ್ನಾಗಿದೆ ಎಂದು ಅರ್ಥವಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ವಯಸ್ಸಾದವರಲ್ಲಿ, ಹೆಣ್ಣುಮಕ್ಕಳಲ್ಲಿ ಎದೆನೋವೇ ಇಲ್ಲದೆ ಬರೀ ದಮ್ಮು, ಬೆವರು, ಸುಸ್ತು ಆಗಿಯೂ ಹೃದಯಾಘಾತ ಬರಬಹುದು. ಇವರಿಗಾಗಿ ನಡುವಿನ ಸುತ್ತಿನ ಹೊರಗಿನಿಂದಲೇ ಕೆಂಪು ಕೊಂಬೆಗೆ ಒಂದು ಗೆರೆ ಎಳೆಯಿರಿ.

ಅಡ್ಡ ಗೆರೆ

ನೋಟ್ಸಿನಲ್ಲಿ ಹೃದಯಾಘಾತ ಒಂದು ಪುಟದಲ್ಲಿ, ಡಿಸೆಕ್ಷನ್ ಇನ್ನೊಂದು ಪುಟದಲ್ಲಿ ಇರುತ್ತದೆ. ದೇಹದಲ್ಲಿ ಎರಡೂ ಒಟ್ಟಿಗೇ ಆಗಬಹುದು. ಮಹಾಧಮನಿ ಹೃದಯದಿಂದ ಹೊರಡುವ ಬುಡದಲ್ಲೇ ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳು ಕವಲೊಡೆಯುತ್ತವೆ. ಸೀಳು ಅಲ್ಲಿಯವರೆಗೆ ಹಬ್ಬಿದರೆ ಕೊರೊನರಿ ಬಾಯಿ ಮುಚ್ಚಿಹೋಗುತ್ತದೆ. ಹೆಚ್ಚಾಗಿ ಪೆಟ್ಟು ಬೀಳುವುದು ಬಲ ಕೊರೊನರಿಗೆ. ಆಗ ಇಸಿಜಿಯಲ್ಲಿ ಕೆಳಭಾಗದ ಹೃದಯಾಘಾತವೇ ಕಾಣುತ್ತದೆ, ಅಂದರೆ ಎರಡನೇ, ಮೂರನೇ ಮತ್ತು ಎವಿಎಫ್ ಲೀಡ್‌ಗಳಲ್ಲಿ ಎಸ್‌ಟಿ ಏರಿಕೆ. ಇಸಿಜಿ ಸುಳ್ಳು ಹೇಳುತ್ತಿಲ್ಲ. ಆದರೆ ಅದು ತೋರಿಸುವುದು ಪರಿಣಾಮ, ಮೂಲ ಮಹಾಧಮನಿಯಲ್ಲಿದೆ.

ಹಾಗಾಗಿ ಡಿಸೆಕ್ಷನ್‌ನಿಂದ ಹೃದಯಾಘಾತಕ್ಕೆ ದಪ್ಪನೆಯ ಅಡ್ಡ ಗೆರೆ ಎಳೆದು, ಅದರ ಮೇಲೆ "ಬಲ ಕೊರೊನರಿ" ಎಂದು ಬರೆಯಿರಿ. ಇನ್ನೊಂದು ಗೆರೆ ಟ್ಯಾಂಪೊನೇಡ್‌ಗೆ ಹೋಗಲಿ, ಯಾಕೆಂದರೆ ಸೀಳಿದ ಮಹಾಧಮನಿಯ ರಕ್ತ ಹೃದಯದ ಚೀಲಕ್ಕೆ ಸೋರಬಹುದು. ಇಡೀ ನಕ್ಷೆಯಲ್ಲಿ ಈ ಎರಡು ಗೆರೆಗಳಷ್ಟು ಬೆಲೆಯದ್ದು ಬೇರೆ ಇಲ್ಲ ಎಂದು ನನ್ನ ಅಭಿಪ್ರಾಯ. ಯಾಕೆ ಅನ್ನುವುದು ಒಂದು ಕೇಸ್ ನಡೆಸಿ ನೋಡಿದರೆ ಗೊತ್ತಾಗುತ್ತದೆ.

ಒಂದು ಕೇಸ್ ನಡೆಸಿ ನೋಡಿ

ಅಭ್ಯಾಸಕ್ಕೆ ಹೀಗೆ ಕಲ್ಪಿಸಿಕೊಳ್ಳಿ. ಬೈಲಹೊಂಗಲ ಕಡೆಯ ಕಬ್ಬು ಬೆಳೆಗಾರ, ವಯಸ್ಸು 58. ಬಿಪಿ ಮಾತ್ರೆ ನಿಲ್ಲಿಸಿ ಕೆಲವು ತಿಂಗಳಾಗಿದೆ. ಸಿಟಿ ಸ್ಕ್ಯಾನ್ ಇಲ್ಲದ ಸಣ್ಣ ಆಸ್ಪತ್ರೆಗೆ ಬೆವರುತ್ತಾ ಬರುತ್ತಾರೆ. ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು, ಆಯಿತು. ಕೆಳಭಾಗದ ಲೀಡ್‌ಗಳಲ್ಲಿ ಎಸ್‌ಟಿ ಏರಿದೆ. ನೋಟ್ಸ್ ಮಾತ್ರ ಓದಿದವರು ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಅಥವಾ ಟೆನೆಕ್ಟೆಪ್ಲೇಸ್ ಕಡೆ ಕೈ ಚಾಚುತ್ತಾರೆ.

ನಕ್ಷೆ ಕೈಯಲ್ಲಿದ್ದರೆ ಅಡ್ಡ ಗೆರೆ ಕಣ್ಣಿಗೆ ಬೀಳುತ್ತದೆ. "ಹೆಂಗ ಶುರು ಆತ್ರಿ ಕಾಕಾ?" ಎಂದು ಕೇಳುತ್ತೀರಿ. "ಪಂಪ್ ಎತ್ತಾಕ ಹೋದೆ, ಗಪ್ಪನ ಹರಿದಂಗಾತು, ಬೆನ್ನಿಗೂ ಹೊಡೀತು" ಅನ್ನುತ್ತಾರೆ. ಹೃದಯಾಘಾತದ ನೋವು ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಏರುತ್ತಾ ಹೋಗುತ್ತದೆ. ಇದು ಮೊದಲ ಕ್ಷಣದಲ್ಲೇ ತುತ್ತತುದಿಯಲ್ಲಿತ್ತು. ಎರಡೂ ತೋಳಿನ ಬಿಪಿ ನೋಡುತ್ತೀರಿ. ಬಲಗೈಯಲ್ಲಿ 172, ಎಡಗೈಯಲ್ಲಿ 128. ಮೇಲಿನ ಅಂಕಿಯಲ್ಲಿ 20ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಡಿಸೆಕ್ಷನ್ ಅನುಮಾನ ಬರಬೇಕು, ಇಲ್ಲಿ 44 ಇದೆ. ಸ್ಟೆತ್ ಇಟ್ಟರೆ ಮಹಾಧಮನಿ ಕವಾಟ ಸೋರುವ ಹೊಸ ಮರ್ಮರ್ ಕೂಡ ಕೇಳುತ್ತದೆ.

ಈಗ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಸೀಳಿನ ರಕ್ತಸ್ರಾವ ಹೆಚ್ಚಿ ಜೀವ ಹೋಗಬಹುದು. ಹೆಪಾರಿನ್ ಕೂಡ ನಿಲ್ಲಿಸಬೇಕು. ನೋವಿಗೆ ಔಷಧ ಕೊಟ್ಟು, ನಾಡಿಬಡಿತ ಮತ್ತು ಬಿಪಿ ಇಳಿಸುತ್ತಾ, ಸಿಟಿ ಆಂಜಿಯೋಗ್ರಾಂ ಮತ್ತು ಹೃದಯ ಶಸ್ತ್ರಚಿಕಿತ್ಸೆ ಎರಡೂ ಇರುವ ದೊಡ್ಡ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಕಳುಹಿಸಬೇಕು.

ಹಾಗಂತ ಎಸ್‌ಟಿ ಏರಿದ ಪ್ರತಿಯೊಬ್ಬರನ್ನೂ ಸಿಟಿಗೆ ಕಳುಹಿಸಲು ಹೋದರೆ ಅದು ಇನ್ನೊಂದು ಥರದ ಅನ್ಯಾಯ. ಅವರಲ್ಲಿ ಹೆಚ್ಚಿನವರಿಗೆ ಆಗಿರುವುದು ನಿಜವಾದ ಹೆಪ್ಪಿನ ಹೃದಯಾಘಾತವೇ. ಅವರಿಗೆ ಒಂದೊಂದು ನಿಮಿಷ ತಡವಾದರೂ ಹೃದಯದ ಸ್ನಾಯು ಸಾಯುತ್ತದೆ. ಅದಕ್ಕೇ ಅಡ್ಡ ಗೆರೆಯ ಮೇಲೆ ಕೂಡಲೇ ಮುಗಿಯುವ ಮೂರು ತಪಾಸಣೆ ಮಾತ್ರ ಬರೆಯಿರಿ: ನೋವು ಶುರುವಾದ ರೀತಿ, ಎರಡೂ ತೋಳಿನ ಬಿಪಿ, ಹೊಸ ಮರ್ಮರ್ ಅಥವಾ ಕೈಕಾಲಿನ ಬಲ ಕಡಿಮೆ. ಒಂದೂ ಇಲ್ಲದಿದ್ದರೆ ಹೃದಯಾಘಾತದ ಚಿಕಿತ್ಸೆ ತಡೆಯಬೇಡಿ. ತೋಳುಗಳ ಬಿಪಿ ಸಮ ಇದ್ದ ಮಾತ್ರಕ್ಕೆ ಡಿಸೆಕ್ಷನ್ ಇಲ್ಲ ಎಂದು ಖಾತ್ರಿಯಾಗುವುದಿಲ್ಲ, ಎಕ್ಸ್‌ರೇ ಸರಿಯಿದ್ದರೂ ಆಗುವುದಿಲ್ಲ. ನೋವಿನ ಕಥೆ ಬಲವಾಗಿದ್ದರೆ ಅನುಮಾನ ಉಳಿಯಲಿ.

ನಕ್ಷೆ ಎಲ್ಲಿ ಕೆಡುತ್ತದೆ?

ಒಂದು ಲಕ್ಷಣಕ್ಕೆ ಹೌದು-ಅಲ್ಲ ಎಂಬ ಕವಲು ಹಾಕಿದಾಗ ಕೆಡುತ್ತದೆ. ಎದೆ ಒತ್ತಿದರೆ ನೋವು ಬರುತ್ತದೆಯೇ ಎಂದು ಬರೆದು, ಹೌದು ಅಂದರೆ ಪಕ್ಕೆಲುಬು ಎಂದು ಗೆರೆ ಮುಗಿಸಿದ ನಕ್ಷೆಗಳು ಬಹಳ. ಹೃದಯಾಘಾತ ಆದವರಲ್ಲೂ ಕೆಲವರಿಗೆ ಒತ್ತಿದ ಜಾಗ ನೋಯುತ್ತದೆ. ಅಂಥ ಕಡೆ ಗೆರೆಯನ್ನು ಮುಗಿಸದೆ "ಇದರ ಪರ", "ಇದರ ವಿರುದ್ಧ" ಎಂದು ಎರಡು ಪದ ಸೇರಿಸಿ.

ಎಲ್ಲ ಕಾರಣಕ್ಕೂ ಎಕ್ಸ್‌ರೇ, ಇಸಿಜಿ ಎಂದು ಬರೆದಿದ್ದರೂ ತೊಂದರೆ. ಟೆನ್ಷನ್ ನ್ಯುಮೋಥೊರಾಕ್ಸ್ ಗೆರೆಯ ಮೇಲೆ "ಎಕ್ಸ್‌ರೇಗೆ ಕಾಯಬೇಡ" ಎಂದೇ ಇರಬೇಕು. ಒಂದು ಕಡೆ ಉಸಿರಿನ ಸದ್ದಿಲ್ಲ, ಬಿಪಿ ಬೀಳುತ್ತಿದೆ, ಕತ್ತಿನ ನರ ಉಬ್ಬಿದೆ ಎಂದರೆ ಸೂಜಿ ಹಾಕಿ ಗಾಳಿ ಬಿಡುವುದೇ ಮೊದಲು. ಡಿ-ಡೈಮರ್ ಪರೀಕ್ಷೆಯನ್ನೂ ಎಂಬಾಲಿಸಂ ಕೊಂಬೆಗೆ ಸುಮ್ನೆ ತಗುಲಿಸಬೇಡಿ. ಅನುಮಾನ ಕಡಿಮೆ ಇದ್ದಾಗ ಅದು ನೆಗೆಟಿವ್ ಬಂದರೆ ಮಾತ್ರ ಕೊಂಬೆ ಅಳಿಸಲು ಉಪಯೋಗಕ್ಕೆ ಬರುತ್ತದೆ.

ನಕ್ಷೆ ಕೆಲಸ ಮಾಡುತ್ತದೆಯೋ ಇಲ್ಲವೋ ನೋಡಬೇಕಾದರೆ ರೋಗದ ಹೆಸರುಗಳನ್ನೆಲ್ಲ ಕಾಗದದ ಚೂರಿನಿಂದ ಮುಚ್ಚಿ. ಗೆಳೆಯರೊಬ್ಬರು ರೋಗಿಯಾಗಿ ಎರಡು ಮಾತು ಹೇಳಲಿ. ಗೆರೆ ಹಿಡಿದು ಹೋಗಿ, ನೀವು ಮುಂದೆ ಯಾವ ಪ್ರಶ್ನೆ ಕೇಳುತ್ತೀರಿ ಎಂದು ಜೋರಾಗಿ ಹೇಳಿ. ಮುಂದಿನ ಪ್ರಶ್ನೆ ಸಿಗದೆ ನಿಂತಲ್ಲಿ ನಕ್ಷೆ ಹರಿದಿದೆ ಎಂದರ್ಥ, ಆ ಜಾಗವನ್ನು ಮತ್ತೆ ಬರೆಯಿರಿ.

ಕೊನೆಗೆ ಟ್ರೊಪೊನಿನ್ ಎಂದು ಬರೆದಿರುವ ಕಡೆಯೆಲ್ಲ ಪಕ್ಕದಲ್ಲಿ ಒಂದು ಗಡಿಯಾರ ಬಿಡಿಸಿ. ಹಳೆಯ ಬಗೆಯ ಪರೀಕ್ಷೆಗಳಲ್ಲಿ ನೋವು ಶುರುವಾಗಿ 3ರಿಂದ 6 ಗಂಟೆಯ ನಂತರ ಅದು ಏರಿದ್ದು ಕಾಣುತ್ತದೆ. ಹೊಸ ಸೂಕ್ಷ್ಮ ಪರೀಕ್ಷೆಗಳಲ್ಲಿ ಬೇಗ ತಿಳಿಯುತ್ತದೆ, ಆದರೂ ನೋವು ಶುರುವಾದ ತಕ್ಷಣ ಬಂದವರಿಗೆ ಒಂದೇ ಸಲ ಮಾಡಿ ಬಿಡುವಂತಿಲ್ಲ. ಬೆಳಿಗ್ಗೆ 6ಕ್ಕೆ ನೋವು ಬಂದು 7ಕ್ಕೆ ಆಸ್ಪತ್ರೆಯಲ್ಲಿರುವವರ ಟ್ರೊಪೊನಿನ್ ನಾರ್ಮಲ್ ಬಂದರೆ, ನಕ್ಷೆಯ ಗೆರೆ ಮನೆಯ ಕಡೆ ಹೋಗಬಾರದು. ಇನ್ನೊಂದು ಇಸಿಜಿ, ಇನ್ನೊಂದು ಟ್ರೊಪೊನಿನ್ ಕಡೆ ಹೋಗಬೇಕು.