ಮಾವಿನ ಮುಂಗಡ ಬುಕಿಂಗ್: ಫೋಟೊ ಕೆಳಗೆ ಏನು ಬರೆದೆ

ಮೊದಲ ವರ್ಷ ಹಣ್ಣಿನ ಫೋಟೊ ಹಾಕಿ, ಕೆಳಗೆ ಬರೆದಿದ್ದು ಇಷ್ಟೇ: "ಮಾವು ರೆಡಿ, ಸ್ಟಾಕ್ ಕಡಿಮೆ, ಬೇಗ ಬುಕ್ ಮಾಡಿ." ಎರಡೇ ದಿನದಲ್ಲಿ 63 ಜನ "ನನಗೊಂದು ಬಾಕ್ಸ್" ಅಂದರು. ನನ್ನ ಹತ್ತಿರ ಇದ್ದಿದ್ದು 40 ಬಾಕ್ಸ್. ದುಡ್ಡು ಹಾಕಿದವರು 11 ಜನ ಮಾತ್ರ. ಹಣ್ಣು ತಯಾರಾದ ದಿನ ಕೆಲವರು ಫೋನೇ ಎತ್ತಲಿಲ್ಲ. ಬಾಕ್ಸ್ ಇಲ್ಲ ಅಂತ ನಾನು ಮೊದಲೇ ಹೇಳಿದ್ದವರು ಬೇರೆ ಕಡೆ ಕೊಂಡಾಗಿತ್ತು. ಮಾವು ಕಾಯುವ ಸರಕಲ್ಲ. ಒಂಬತ್ತು ಬಾಕ್ಸ್ ಹಣ್ಣು ಮೆತ್ತಗಾಗಿ ಹೋಯ್ತು, ಇವತ್ತಿಗೂ ಬೇಜಾರಾಗುತ್ತದೆ.

ಮುಂದಿನ ಸಲ ಬರೆಯುವ ಮೊದಲು ಲೆಕ್ಕ ಹಾಕಿದೆ. ಸಿಗುವ ಅಂದಾಜು 150 ಕಿಲೋ. ಅಷ್ಟನ್ನೂ ಬುಕಿಂಗಿಗೆ ಬಿಡಲಿಲ್ಲ. ಪೆಟ್ಟು ಬಿದ್ದದ್ದು, ತೊಟ್ಟಿನ ಹತ್ತಿರ ಕಪ್ಪಾದದ್ದು ತೆಗೆಯಬೇಕಲ್ವಾ? ಅದಕ್ಕೆ 30 ಕಿಲೋ ಬಿಟ್ಟು, ಮೂರು ಕಿಲೋದ 40 ಬಾಕ್ಸ್ ಅಂತ ಗಟ್ಟಿ ಮಾಡಿಕೊಂಡೆ. "ಸ್ಟಾಕ್ ಕಡಿಮೆ" ಅಂದರೆ ಜನ ನಂಬುವುದಿಲ್ಲ, ಎಲ್ಲರೂ ಹಾಗೇ ಹೇಳುತ್ತಾರೆ. ಸಂಖ್ಯೆ ಹೇಳಿದರೆ ನಂಬುತ್ತಾರೆ.

ತಾರೀಕಿನ ವಿಷಯದಲ್ಲಿ ಜಾಸ್ತಿ ಯೋಚಿಸಿದೆ. ಬಲಿತ ಕಾಯಿ ಕಿತ್ತ ಮೇಲೆ ಹಣ್ಣಾಗಲು ಸುಮಾರು ಒಂದು ವಾರ ಬೇಕು. ಸೆಕೆ ಇದ್ದರೆ ಬೇಗ, ತಂಪಿದ್ದರೆ ತಡ. ಪೂರ್ತಿ ಹಣ್ಣಾದ ಮೇಲೆ ಕೊಡುತ್ತೇನೆ ಅಂದರೆ ಒಂದು ದಿನ ಆಚೀಚೆ ಆದರೂ ಕೆಟ್ಟಿತು. ಅದಕ್ಕೇ ದೋರೆಗಾಯಿ ಇರುವಾಗಲೇ ಕೊಡುವುದು ಅಂತ ತೀರ್ಮಾನಿಸಿ, ಅದನ್ನೂ ಬರೆದೆ. ಇಲ್ಲದಿದ್ದರೆ "ಹಣ್ಣು ಅಂದ್ರಿ, ಕಾಯಿ ಕೊಟ್ರಿ" ಅನ್ನುವ ಮಾತು ಬರುತ್ತದೆ. ಒಂದೇ ದಿನ 40 ಜನ ಬಂದರೆ ಕಷ್ಟ, ಹಾಗಾಗಿ ಎರಡು ಶನಿವಾರ ಇಟ್ಟೆ.

ಕೊನೆಗೆ ಬರೆದಿದ್ದು ಹೀಗೆ:

"ಮಾವು ಬುಕಿಂಗ್: ಒಟ್ಟು 40 ಬಾಕ್ಸ್, ಈಗ ಉಳಿದದ್ದು 40.
ಒಂದು ಬಾಕ್ಸ್ 3 ಕಿಲೋ. ಒಬ್ಬರಿಗೆ ಹೆಚ್ಚೆಂದರೆ 2.
ಒಯ್ಯುವ ದಿನ: ಮೇ 16 ಶನಿವಾರ (20 ಬಾಕ್ಸ್), ಮೇ 23 ಶನಿವಾರ (20 ಬಾಕ್ಸ್). ಬೆಳಿಗ್ಗೆ 9ರಿಂದ 12.
ಕಾಯಿ ದೋರೆಯಾಗಿರುತ್ತದೆ. ಮನೆಯಲ್ಲಿ 2–4 ದಿನ ಇಟ್ಟು ತಿನ್ನಿ, ಹಣ್ಣಾಗುವವರೆಗೆ ಫ್ರಿಜ್ ಬೇಡ.
ಪೂರ್ತಿ ಹಣ ಮೊದಲೇ, ಎರಡನೇ ಚಿತ್ರದ ಕ್ಯೂಆರ್ ಕೋಡಿಗೆ. ಹಣ ಹಾಕಿದ ಸ್ಕ್ರೀನ್‌ಶಾಟ್, ಹೆಸರು, ತಾರೀಕು ಮೆಸೇಜ್ ಮಾಡಿ. ನಾನು ಬುಕಿಂಗ್ ನಂಬರ್ ಕಳಿಸಿದ ಮೇಲೆ ಖಚಿತ.
ಬೆಳೆ ಕೈಕೊಟ್ಟರೆ ಪೂರ್ತಿ ಹಣ ವಾಪಸ್."

ಬಾಕ್ಸಿನ ಲೆಕ್ಕ ಮೊದಲ ಸಾಲಿನಲ್ಲೇ ಇಟ್ಟೆ, ಯಾಕಂದರೆ ಫೋನಿನಲ್ಲಿ ಕೆಳಗಿನ ಸಾಲುಗಳು ಮಡಚಿಕೊಳ್ಳುತ್ತವೆ. ಕಾಮೆಂಟಲ್ಲಿ "ನನಗೂ" ಅಂದವರಿಗೆ "ದುಡ್ಡು ಬಂದ ಮೇಲೆ ನಂಬರ್ ಕೊಡ್ತೀನಿ" ಅಂತ ಒಂದೇ ಉತ್ತರ ಕೊಟ್ಟೆ. ಸ್ಕ್ರೀನ್‌ಶಾಟ್ ಸಾಕಾಗುವುದಿಲ್ಲ. ನನ್ನ ಖಾತೆಗೆ ಹಣ ಬಂದಿದೆಯಾ ನೋಡಿ, ಆಮೇಲೆ ನಂಬರ್ ಕಳಿಸುತ್ತಿದ್ದೆ. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಮೊದಲ ಸಾಲಿನ ಅಂಕಿ ತಿದ್ದುತ್ತಿದ್ದೆ: ಉಳಿದದ್ದು 31, ಉಳಿದದ್ದು 12.

ನಾಲ್ಕನೇ ದಿನ ಮೇ 16ರ ಬಾಕ್ಸ್ ಮುಗಿದವು. ಆ ತಾರೀಕಿನ ಪಕ್ಕ "ಭರ್ತಿ" ಅಂತ ಸೇರಿಸಿದೆ, ಅಳಿಸಲಿಲ್ಲ. ಅಳಿಸಿದ್ದರೆ ಆ ದಿನಕ್ಕೆ ಬುಕ್ ಮಾಡಿದವರು ಗಾಬರಿಯಾಗುತ್ತಿದ್ದರು.